ಕೊನೆಯ ಚೌಕ ಖಾಲಿ

ನನ್ನ ಕಾರ್ಟೂನ್ ಕಟಿಂಗುಗಳ ಮೇಲೆ ಬೋಂಡ ಇಟ್ಟು ಹಂಚಿಸಿದ ಮನುಷ್ಯನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ. ವಯಸ್ಸಾದ ಹಾಗೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರಲ್ಲ, ಅದೆಲ್ಲ ಯಾರಿಗೆ ಆಗುತ್ತದೋ ನನಗಂತೂ ಗೊತ್ತಿಲ್ಲ.

ಚಂದ್ರಾ ಲೇಔಟಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಟೀಚರು. ಎಂಟು ವರ್ಷ ದಿನಾ ಬೆಳಿಗ್ಗೆ ಕಾಫಿ ಆರಿಹೋದರೂ ಸರಿ, ಪೇಪರಿನ ಕಾಮಿಕ್ ಪಟ್ಟಿಯನ್ನು ಮೊದಲು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಮೂರು ಚೌಕದವು, ನಾಲ್ಕು ಚೌಕದವು, ಮಾತೇ ಇಲ್ಲದವು, ಮೊದಲ ಪುಟದ ರಾಜಕೀಯ ವ್ಯಂಗ್ಯಚಿತ್ರಗಳು, ಎಲ್ಲ ಬೇರೆಬೇರೆ ಮಾಡಿ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಸ್ಟಾಫ್ ರೂಮಿನ ಬೀರುವಿನಲ್ಲಿ ಇಟ್ಟಿದ್ದೆ. ಅದು ಏನು, ಯಾರದು ಅಂತ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೋಆರ್ಡಿನೇಟರ್ ಸಾರ್‌ಗಂತೂ ಚೆನ್ನಾಗಿ ಗೊತ್ತಿತ್ತು.

ಈ ಕೋಆರ್ಡಿನೇಟರ್ ಸಾರ್ ಹಿಂದೆ ಗಣಿತ ಹೇಳುತ್ತಿದ್ದವರು. ಪಾಠ ಬಿಟ್ಟು ಮೇಲ್ವಿಚಾರಣೆಗೆ ಬಂದ ಮೇಲೆ ಕೊರಳಿಗೆ ಕೆಂಪು ದಾರದಲ್ಲಿ ಒಂದು ಸ್ಟಾಪ್‌ವಾಚ್ ಹಾಕಿಕೊಂಡು ತಿರುಗುತ್ತಿದ್ದರು. ಒಂದು ಶನಿವಾರದ ಸ್ಟಾಫ್ ಮೀಟಿಂಗಿನಲ್ಲಿ ತಟ್ಟೆ ಸಾಲದೇ ಹೋಯಿತು. ಇವರು ಆಯಾಳಿಗೆ, "ಆ ಬೀರುಲಿ ಹಳೇ ಪೇಪರ್ ಫೈಲ್ ಇದ್ಯಲ್ಲ, ಅದ್ನೇ ತಗೊಂಬಾಮ್ಮ" ಅಂದರಂತೆ. ನಾನು ಕ್ಲಾಸು ಮುಗಿಸಿ ಬರುವ ಹೊತ್ತಿಗೆ ಎಲ್ಲರ ಕೈಯಲ್ಲೂ ನನ್ನ ಒಂದೊಂದು ಕಟಿಂಗು, ಅದರ ಮೇಲೆ ಎರಡೆರಡು ಬೋಂಡ. ಸಾರ್ ನನ್ನನ್ನು ನೋಡಿ, "ಬನ್ನಿ ಮಿಸ್, ನಿಮ್ ಬೊಂಬೆ ಕೊನೆಗೂ ಉಪಯೋಗಕ್ಕೆ ಬಂತು ನೋಡಿ" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ನಾನೂ ನಕ್ಕೆ. ಅದೇ ಇವತ್ತಿಗೂ ನನ್ನ ಗಂಟಲಲ್ಲಿ ಇಳಿಯದ ವಿಷಯ. ಎಲ್ಲರೂ ನಗುವಾಗ ಮುಖ ಸಿಂಡರಿಸಿಕೊಂಡು ನಿಲ್ಲುವ ಧೈರ್ಯ ಬರಲಿಲ್ಲ, ಹಲ್ಲು ಕಿರಿದು ಒಂದು ಬೋಂಡ ತಿಂದೆ. ಮನೆಗೆ ಬಂದ ಮೇಲೆ ಮೈಯೆಲ್ಲ ಉರಿಯಿತು. ಇರಲಿ ಮಗನೇ, ನಿನಗೆ ಕಾದಿದೆ ಅಂದುಕೊಂಡೇ ಅವತ್ತು ಅನ್ನಕ್ಕಿಟ್ಟೆ.

ಖುಷಿಗೆ ಅಂತ ಕೂಡಿಟ್ಟ ಆ ಕಟಿಂಗುಗಳು ಆ ವರ್ಷ ಪಾಠಕ್ಕೆ ಹೇಗೆ ಬಂದವು ಅನ್ನುವುದನ್ನು ಹೇಳಬೇಕು. ನಮ್ಮಲ್ಲಿ ಆರನೇ ಕ್ಲಾಸಿನ ಹನ್ನೊಂದು ಮಕ್ಕಳು ಪುಸ್ತಕ ಕಂಡರೆ ಹೊಟ್ಟೆನೋವು ಅನ್ನುವವರು. ಓದಲು ಬರುವುದೇ ಇಲ್ಲ ಅಂತಲ್ಲ. ಅಕ್ಷರ ಕೂಡಿಸಿ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಏನು ಓದಿದೆವು ಅನ್ನುವುದೇ ಮರೆತುಹೋಗುತ್ತಿತ್ತು. ಹೆಡ್‌ಮಿಸ್ ಈ ಮಕ್ಕಳನ್ನು ನನಗೆ ಒಪ್ಪಿಸಿ ವಾರಕ್ಕೆರಡು ಪೀರಿಯಡ್ ಕೊಟ್ಟಿದ್ದರು.

ಮೊದಮೊದಲು ನಾನೂ ಪೆದ್ದುಪೆದ್ದಾಗಿಯೇ ಮಾಡಿದೆ. ಇಂಗ್ಲಿಷ್ ಪೇಪರಿನ ಒಂದು ಪಟ್ಟಿ ತಂದು ಮಾತನ್ನು ಕನ್ನಡಕ್ಕೆ ಮಾಡಿ ಅಂಟಿಸಿದ್ದೆ. ಮಕ್ಕಳು ಹಿಮದಲ್ಲಿ ಮಾಡಿದ ಬೊಂಬೆ ಬಿಸಿಲಿಗೆ ಕರಗುವ ಚಿತ್ರ. ಒಬ್ಬಳು, "ಮಿಸ್, ಯಾಕೆ ಇಷ್ಟೊಂದು ಉಪ್ಪು ಸುರ್ದಿದಾರೆ?" ಅಂದಳು. ಹಿಮವನ್ನೇ ಕಾಣದ ಮಕ್ಕಳಿಗೆ ಅದು ಕರಗುವ ನಗೆ ಹೇಗೆ ಗೊತ್ತಾಗಬೇಕು? ನಾನು ಬೋರ್ಡಿನ ಮೇಲೆ ಬರೆದು ಬರೆದು ಅದರಲ್ಲಿ ನಗು ಎಲ್ಲಿದೆ ಅಂತ ವಿವರಿಸಿದೆ. ಯಾರೂ ನಗಲಿಲ್ಲ. ವಿವರಿಸಿದ ಮೇಲೆ ನಗೆಹನಿಯಲ್ಲಿ ಹನಿಯೂ ಇರುವುದಿಲ್ಲ, ನಗೆಯೂ ಇರುವುದಿಲ್ಲ ಅಂತ ಅವತ್ತು ಬುದ್ಧಿ ಬಂತು.

ಆಮೇಲೆ ದಾರಿ ಬದಲಿಸಿದೆ. ನೀರಿನ ಟ್ಯಾಂಕರು, ಒಣಗಿಹಾಕಿದ ಬಟ್ಟೆ, ಬೀದಿನಾಯಿ, ಟ್ಯೂಷನ್ನು, ಇಂಥ ಅವರಿಗೆ ಗೊತ್ತಿರುವ ಲೋಕದ ಪಟ್ಟಿಗಳನ್ನೇ ಆರಿಸಿದೆ. ಮೊದಲು ಮಾತಿಲ್ಲದವು. ಕೊನೆಯ ಚೌಕದ ಮೇಲೆ ಒಂದು ಕಾಗದ ಮುಚ್ಚಿ, ಮುಂದೇನಾಗಿರಬಹುದು ಅಂತ ಕೇಳುವುದು. ಏನೇ ಉತ್ತರ ಬರಲಿ, ಸರಿ ತಪ್ಪು ಅನ್ನದೆ, "ಯಾಕೆ ಹಾಗಂತೀಯ? ಚಿತ್ರದಲ್ಲಿ ಎಲ್ಲಿದೆ ತೋರ್ಸು" ಅನ್ನುವುದು. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಬಿಳಿ ಗೆರೆ ಇರುತ್ತದಲ್ಲ, ಅಲ್ಲಿ ಏನು ನಡೆಯಿತು ಅನ್ನುವುದನ್ನು ಯಾರೂ ಬಿಡಿಸಿರುವುದಿಲ್ಲ. ಅದನ್ನು ನೋಡುವವರೇ ಊಹಿಸಬೇಕು. ಊಹೆ ಅಂದರೆ ಬಾಯಿಗೆ ಬಂದದ್ದಲ್ಲ, ಚಿತ್ರದಲ್ಲಿರುವ ಗುರುತು ಮತ್ತು ತಮಗೆ ಮೊದಲೇ ಗೊತ್ತಿರುವ ವಿಷಯ ಎರಡನ್ನೂ ಸೇರಿಸುವುದು. ಇಷ್ಟು ಕೈಗೆ ಬಂದ ಮೇಲೆ ಮಾತಿನ ಗುಳ್ಳೆಗಳಿಗೆ ವೈಟ್ನರ್ ಬಳಿದು ಜೆರಾಕ್ಸ್ ಮಾಡಿಸಿ, ಒಳಗೆ ಏನು ಮಾತಿರಬಹುದು ಅಂತ ಅವರಿಂದಲೇ ಬರೆಸುತ್ತಿದ್ದೆ. ನಂತರ ನಿಜವಾದ ಮಾತು ಯಾವುದು ಅಂತ ಓದಲು ಕೊಟ್ಟರೆ ನಾ ಮುಂದು ತಾ ಮುಂದು ಅಂತ ಬೀಳುತ್ತಿದ್ದರು. ಹೊಟ್ಟೆನೋವು ಎಲ್ಲಿಗೆ ಹೋಗುತ್ತಿತ್ತೋ!

ಆ ಹನ್ನೊಂದು ಜನರಲ್ಲಿ ಹೇರೋಹಳ್ಳಿ ಕಡೆಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಅವಳ ಅಮ್ಮ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಹುಡುಗಿ ತರಗತಿಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಓದು ಅಂದರೆ ಎದ್ದು ನಿಂತು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಳ್ಳುತ್ತಿದ್ದಳು, ಅಷ್ಟೇ.

ಒಂದು ದಿನ ಒಂದು ಪಟ್ಟಿ ಹಂಚಿದ್ದೆ. ಮೊದಲ ಚೌಕದಲ್ಲಿ ಅಜ್ಜ ಮುಖದ ಮೇಲೆ ಪೇಪರ್ ಮುಚ್ಚಿಕೊಂಡು ಮಲಗಿದ್ದಾನೆ, ಪಕ್ಕದ ಸ್ಟೂಲಿನ ಮೇಲೆ ತಟ್ಟೆ ತುಂಬ ವಡೆ, ಕೆಳಗೆ ನಾಯಿ. ಎರಡನೆಯದರಲ್ಲಿ ತಟ್ಟೆ ಖಾಲಿ. ಮೂರನೆಯದರಲ್ಲಿ ಅಜ್ಜಿ ಪೊರಕೆ ಹಿಡಿದು ನಾಯಿಗೆ ಬೈಯುತ್ತಿದ್ದಾಳೆ, ಅಜ್ಜ ಮಲಗಿಯೇ ಇದ್ದಾನೆ. ಹತ್ತು ಮಕ್ಕಳೂ, ನಾಯಿ ತಿಂತು ಮಿಸ್ ಅಂತ ಕೂಗಿದರು. ಹಿಂದಿನ ಬೆಂಚಿನಿಂದ ಸಣ್ಣ ದನಿ ಬಂತು. "ನಾಯಿ ತಿಂದಿಲ್ಲ ಮಿಸ್."

"ಮತ್ತೆ?"

"ತಾತ ತಿಂದಿದಾರೆ. ಫಸ್ಟು ಬನೀನು ಕ್ಲೀನಾಗಿತ್ತು. ಈಗ ಎದೆ ಮೇಲೆ ಪುಡಿ ಬಿದ್ದದೆ. ಪೇಪರ್ ಕೆಳಗೆ ಸುಮ್ನೆ ನಾಟ್ಕ."

ಕ್ಲಾಸೆಲ್ಲ ಮತ್ತೆ ಪಟ್ಟಿ ನೋಡಿತು. ಆಮೇಲೆ ಎಂಥ ನಗೆ! ಪಕ್ಕದ ಕ್ಲಾಸಿನ ಮಿಸ್ ಬಂದು ಇಣುಕಿ ಹೋದರು. ಅಜ್ಜಿ ಏನನ್ನುತ್ತಿದ್ದಾಳೆ ಅಂತ ತಿಳಿಯುವ ಆಸೆಗೆ ಆ ಹುಡುಗಿ ಗುಳ್ಳೆಯೊಳಗಿನ ಎರಡು ಸಾಲನ್ನು ತಾನಾಗಿಯೇ ಓದಿದಳು. ನಿಧಾನವಾಗಿ, ಆದರೆ ಬೈಯುವ ರಾಗದಲ್ಲೇ. ನನಗೆ ಕಣ್ಣು ತುಂಬಿ ಬಂತು ಅಂತ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅಲ್ಲಿಂದ ಅವಳನ್ನು ಹಿಡಿಯುವವರಿರಲಿಲ್ಲ. ಪಠ್ಯಪುಸ್ತಕದ ಪ್ಯಾರಾ ಕೊಟ್ಟು, ಇವನಿಗೆ ಭಯ ಆಗಿದೆ ಅಂತ ಲೇಖಕರು ಎಲ್ಲೂ ಬರೆದಿಲ್ಲ, ನಿನಗೆ ಹೇಗೆ ಗೊತ್ತಾಯ್ತು ಅಂದರೆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸುವಳು. ರಾಜಕೀಯ ವ್ಯಂಗ್ಯಚಿತ್ರಕ್ಕೆ ನಾನು ಕೊನೆಗೆ ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದೆ, ಬಿಡಿಸಿದವರು ಯಾರ ಕಡೆ? ಯಾರನ್ನು ದೊಡ್ಡದಾಗಿ ಬಿಡಿಸಿದ್ದಾರೆ, ಯಾರ ಮೂಗು ಎಳೆದಿದ್ದಾರೆ, ಯಾರ ಮೇಲೆ ನಮಗೆ ಕನಿಕರ ಬರುತ್ತದೆ ಅಂತ ನೋಡಿ ಹೇಳಬೇಕು. ಅದರಲ್ಲಿ ಅವಳೇ ಎಲ್ಲರಿಗಿಂತ ಚುರುಕು.

ಆದರೆ ಸಾರ್ ಸ್ಟಾಪ್‌ವಾಚಿಗೆ ಇದೆಲ್ಲ ಎಲ್ಲಿ ಕಾಣಬೇಕು? ಒಂದು ನಿಮಿಷಕ್ಕೆ ಎಷ್ಟು ಪದ, ಅದೊಂದೇ ಲೆಕ್ಕ. ಎದುರಿಗೆ ನಿಂತು ಗುಂಡಿ ಒತ್ತಿದರೆ ಈ ಹುಡುಗಿಯ ನಾಲಿಗೆ ಒಣಗಿಹೋಗುತ್ತಿತ್ತು. ಸಾರ್ ಕೆಂಪು ಪೆನ್ನಿನಲ್ಲಿ ಹೆಸರು ಬರೆದುಕೊಂಡರು. ಆ ಕೆಂಪು ಪಟ್ಟಿಯಲ್ಲಿ ಹೆಸರು ಬಂದವರನ್ನು ಫೇಲ್ ಮಾಡುತ್ತಿರಲಿಲ್ಲ, ಅವರ ತಂದೆತಾಯಿಯನ್ನು ಕರೆಸಿ, ನಿಮ್ಮ ಮಗುವಿಗೆ ಇಲ್ಲಿ ಕಷ್ಟ ಆಗ್ತಿದೆ, ಬೇರೆ ಕಡೆ ನೋಡಿಕೊಳ್ಳಿ ಅಂತ ನಯವಾಗಿ ಹೇಳಿ ಟಿ.ಸಿ. ಕೊಟ್ಟು ಕಳಿಸುತ್ತಿದ್ದರು. ಮುಂದೆ ಹತ್ತನೇ ಕ್ಲಾಸಿನ ರಿಸಲ್ಟು ಕೆಡಬಾರದು ನೋಡಿ, ಅದಕ್ಕೆ.

"ಸಾರ್, ಆ ಹುಡುಗಿಗೆ ಎಷ್ಟು ಅರ್ಥ ಆಗತ್ತೆ ಅಂತ ಒಂದ್ಸಲ ಕೂತು ನೋಡಿ" ಅಂತ ನಾನು ಬೇಡಿಕೊಂಡೆ. ಹೌದು, ಬೇಡಿಕೊಂಡೆ.

"ಮಿಸ್, ಬೊಂಬೆ ನೋಡಿ ಕಥೆ ಹೇಳೋದು ಎಲ್‌ಕೆಜೀಲಿ. ಶನಿವಾರ ಅವ್ರಮ್ಮನ್ನ ಕರ್ಸಿದೀನಿ" ಅಂದರು.

ಹೆಡ್‌ಮಿಸ್ ಹತ್ತಿರ ಹೋದೆ. ಅವರು ಒಳ್ಳೆಯವರು, ಯಾರಿಗೂ ಇಲ್ಲ ಅನ್ನುವವರಲ್ಲ. ಶನಿವಾರ ಎಲ್ಲರೆದುರು ಹತ್ತು ನಿಮಿಷ ಪಾಠ ಮಾಡಿ ತೋರಿಸಿ, ಹುಡುಗಿ ಓದಿ ಅರ್ಥ ಮಾಡಿಕೊಳ್ಳುತ್ತಾಳೆ ಅಂತ ಗೊತ್ತಾದರೆ ಇರಲಿ ಅಂದರು. ಅಷ್ಟು ಸಾಕಿತ್ತು ನನಗೆ. ಹುಡುಗಿಯನ್ನು ಉಳಿಸಿಕೊಳ್ಳಲು ಯಾವ ಪಟ್ಟಿಯನ್ನಾದರೂ ತೆಗೆದುಕೊಂಡು ಹೋಗಬಹುದಿತ್ತು. ಬೋಂಡಕ್ಕೆ ಸಿಗದೆ ಉಳಿದ ಜೆರಾಕ್ಸುಗಳಲ್ಲಿ ಅಜ್ಜನ ವಡೆಯೇ ಆಗುತ್ತಿತ್ತು. ಆದರೆ ಹೊಟ್ಟೆಯೊಳಗೆ ಆ ಬೋಂಡ ಕೂತಿತ್ತಲ್ಲ!

ಶುಕ್ರವಾರ ಶಾಲೆಯಿಂದ ಬಂದವಳೇ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಚಾರ್ಟ್ ಶೀಟ್ ಹಾಸಿದೆ. ನಾಲ್ಕು ಚೌಕ ಎಳೆದೆ. ಒಬ್ಬ ಮೇಷ್ಟ್ರು, ಕೊರಳಲ್ಲಿ ಕೆಂಪು ದಾರದ ಸ್ಟಾಪ್‌ವಾಚು, ಮೇಜಿನ ಮೇಲೆ ಮೂರು ಪಟ್ಟೆಯ ಹೆಲ್ಮೆಟ್ಟು. ಎದುರಿಗೆ ಪುಸ್ತಕ ಹಿಡಿದ ಹುಡುಗಿ. ಕಿಟಕಿಯಾಚೆ ಅದೇ ಮೂರು ಪಟ್ಟೆಯ ಸ್ಕೂಟರು, ಅದರ ಕೊಕ್ಕೆಗೆ ಸೊಪ್ಪು ತುಂಬಿದ ಚೀಲ. ಎರಡನೇ ಚೌಕದಲ್ಲಿ ಕಿಟಕಿಯ ಮೂಲೆಯಲ್ಲಿ ಒಂದು ಹಸುವಿನ ಮೂತಿ. ಹುಡುಗಿ ಬೆರಳು ತೋರಿಸಿ, "ಸಾರ್, ಹೊರಗಡೆ…" ಅನ್ನುತ್ತಾಳೆ. "ಪುಸ್ತಕ ನೋಡು! ಟೈಮ್ ಓಡ್ತಿದೆ!" ಅಂತ ಮೇಷ್ಟ್ರು. ಮೂರನೆಯದರಲ್ಲಿ ಮೇಷ್ಟ್ರ ಕಣ್ಣು ಗಡಿಯಾರದಲ್ಲೇ ನೆಟ್ಟಿದೆ, ಕಿಟಕಿಯಲ್ಲಿ ಹಸುವಿನ ಬಾಲ ಮಾತ್ರ, ಚೀಲ ಜೋತುಬಿದ್ದಿದೆ. ನಾಲ್ಕನೇ ಚೌಕ ಖಾಲಿ. ಅದು ಮಕ್ಕಳಿಗೆ.

ಮೇಷ್ಟ್ರ ಮುಖವನ್ನು ಎಷ್ಟು ಚೆನ್ನಾಗಿ ಬಿಡಿಸಿದೆ ಅಂದರೆ, ನಾನು ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿಲ್ಲ. ಬಾಚಿ ಅಂಟಿಸಿದ ನಾಲ್ಕು ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ತುಟಿಗೆ ಇಳಿದ ಮೀಸೆ. ಮೂರೂ ಚೌಕದಲ್ಲಿ ಒಂದೊಂದು ಭಾವ. ಬಿಡಿಸುತ್ತ ಒಬ್ಬಳೇ ಕಿಸಕ್ಕನೆ ನಗುತ್ತಿದ್ದೆ. ಅಡುಗೆಮನೆಯಿಂದ ನಮ್ಮ ಯಜಮಾನರು ಬಂದು ನೋಡಿ, "ಅಯ್ಯೋ, ಇದು ನಿಮ್ ಸಾರೇ ಅಲ್ವೇನೇ? ಕೆಲ್ಸ ಹೋದೀತು ಕಣೇ" ಅಂದರು.

"ಹೋದ್ರೆ ಹೋಗ್ಲಿ" ಅಂದೆ.

ಶನಿವಾರ ಲೈಬ್ರರಿ ರೂಮಿನಲ್ಲಿ ಎಲ್ಲರೂ ಸೇರಿದರು. ಒಂದು ಕಡೆ ಹೆಡ್‌ಮಿಸ್, ಪಕ್ಕದಲ್ಲಿ ಸಾರ್, ಎದುರು ಕೆಂಪು ಪಟ್ಟಿಯ ಆರು ಮಕ್ಕಳು, ಹಿಂದೆ ಅವರ ಅಪ್ಪಅಮ್ಮಂದಿರು. ಗಿರಣಿಯ ಅಮ್ಮ ಕೆಲಸದ ಮಧ್ಯೆ ಓಡಿಬಂದಿದ್ದರು, ಸೆರಗಿನ ಅಂಚಿನಲ್ಲಿ ಇನ್ನೂ ರಾಗಿಹಿಟ್ಟಿತ್ತು. ನಾನು ಚಾರ್ಟನ್ನು ಬೋರ್ಡಿಗೆ ಪಿನ್ ಮಾಡಿದೆ.

ಮೊದಲು ಹಿಂದಿನ ಸಾಲಿನಲ್ಲಿ ಗುಸುಗುಸು, ಆಮೇಲೆ ಯಾರೋ ಒಬ್ಬರು ಫಕ್ಕನೆ ನಕ್ಕರು. ಹೆಡ್‌ಮಿಸ್ ಕೆಮ್ಮಿ ಬಾಯಿಗೆ ಕರ್ಚೀಫು ಹಿಡಿದುಕೊಂಡರು. ಸಾರ್ ಎದೆಯ ಮೇಲಿದ್ದ ಸ್ಟಾಪ್‌ವಾಚನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ಕಣ್ತುಂಬ ನೋಡಿದೆ. ಆಹಾ, ಅವತ್ತಿನ ಆ ಸುಖ! ಈಗ ನೆನೆಸಿಕೊಂಡರೂ ಹೊಟ್ಟೆ ತಣ್ಣಗಾಗುತ್ತದೆ.

ಹುಡುಗಿಯನ್ನು ಮುಂದೆ ಕರೆದೆ. ಅವಳು ಗುಳ್ಳೆಯ ಮಾತುಗಳನ್ನು ಗಟ್ಟಿಯಾಗಿ ಓದಿದಳು, ಎಲ್ಲೂ ತಡವರಿಸಲಿಲ್ಲ.

"ಹುಡುಗಿ ಏನು ಹೇಳಕ್ಕೆ ಹೊರಟಿದ್ಲು?"

"ಸಾರ್, ಹಸು ನಿಮ್ ಸೊಪ್ಪು ತಿಂತಿದೆ ಅಂತ."

"ಸೊಪ್ಪು ಸಾರ್‌ದೇ ಅಂತ ಎಲ್ಲಿ ಬರ್ದಿದೆ?"

"ಬರ್ದಿಲ್ಲ ಮಿಸ್. ಟೇಬಲ್ ಮೇಲಿರೋ ಹೆಲ್ಮೆಟ್ಗೂ ಗಾಡಿಗೂ ಒಂದೇ ಪಟ್ಟೆ. ಗಾಡಿ ಅವ್ರದ್ದಾದ್ರೆ ಸೊಪ್ಪೂ ಅವ್ರದ್ದೇ."

"ಹಸು ತಿಂದಿದ್ದು ಚಿತ್ರದಲ್ಲಿಲ್ವಲ್ಲ?"

"ಎರಡನೇದ್ಕೂ ಮೂರನೇದ್ಕೂ ಮಧ್ಯದಲ್ಲಿ ತಿಂದದೆ. ಚೀಲ ಜೋತಾಡ್ತಾ ಅದೆ ನೋಡಿ. ಸಾರ್‌ಗೆ ಅವಳು ಓದ್ತಿಲ್ಲ ಅಂತ ಸಿಟ್ಟು. ಆದ್ರೆ ಅವಳು ಎಲ್ಲಾ ನೋಡ್ತಿದಾಳೆ, ಅವ್ರೇ ಏನೂ ನೋಡ್ತಿಲ್ಲ. ಅದಕ್ಕೇ ನಗು ಬರೋದು."

ಹಿಂದೆ ಕೂತಿದ್ದವರು ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ ಸಾರ್ ಕಡೆ ತಿರುಗಿ, "ಇದಕ್ಕಿಂತ ಇನ್ನೇನು ಓದ್ಬೇಕು ಸಾರ್?" ಅಂದರು. ಮುಗಿಯಿತು. ಹುಡುಗಿ ಉಳಿದಳು, ಸಾರ್ ಮುಖಕ್ಕೆ ಮಂಗಳಾರತಿಯೂ ಆಯಿತು. ನಾನು ಅಲ್ಲಿಗೆ ಬಾಯಿಗೆ ಬೀಗ ಹಾಕಿಕೊಂಡು ಚಾರ್ಟ್ ಸುತ್ತಿಕೊಂಡು ಹೋಗಬೇಕಿತ್ತು.

ಆದರೆ ಅಭ್ಯಾಸ ನೋಡಿ. ಜೊತೆಗೆ ಇನ್ನೊಂದು ಏಟು ಕೊಡುವ ಚಪಲ. ಎಲ್ಲರಿಗೂ ಕೇಳುವ ಹಾಗೆ ಕೇಳಿದೆ: "ಇದನ್ನ ಬಿಡಿಸಿದವರು ಯಾರ ಕಡೆ?"

ಹುಡುಗಿಯ ಕಡೆ ಅಂತ ಅವಳು ಹೇಳಬೇಕಿತ್ತು. ಅವಳು ಚಾರ್ಟಿನ ಹತ್ತಿರ ಹೋಗಿ ಮೂರೂ ಚೌಕವನ್ನು ಒಂದೊಂದಾಗಿ ನೋಡಿದಳು.

"ಹುಡುಗಿ ಕಡೆ ಅಲ್ಲ ಮಿಸ್."

"ಯಾಕೆ? ತೋರ್ಸು" ಅಂದೆ. ನಾನೇ ಕಲಿಸಿದ ಮಾತು, ಬಾಯಿಗೆ ಬಂದುಬಿಟ್ಟಿತು.

"ಸಾರ್‌ಗೆ ಮೀಸೆ, ಕೂದ್ಲು, ಕನ್ನಡಕ, ಎಲ್ಲಾ ಬಿಡ್ಸಿದಾರೆ. ಹುಡುಗಿಗೆ ಮುಖಾನೇ ಇಲ್ಲ. ಮೂರ್ರಲ್ಲೂ ಬರೀ ಬೆನ್ನು, ಜಡೆ. ಅವ್ಳು ಅಳ್ತಾ ಇದಾಳೋ, ನಗ್ತಾ ಇದಾಳೋ ಗೊತ್ತಾಗಲ್ಲ." ಆ ಜಡೆಯ ಮೇಲೆ ಬೆರಳಿಟ್ಟು ಹೇಳಿದಳು. "ಬಿಡಿಸಿದವ್ರಿಗೆ ಸಾರ್ ಮೇಲೆ ಸಿಟ್ಟಿದೆ. ಅವ್ಳು ಯಾರಾಗಿದ್ರೂ ಅವ್ರಿಗೆ ನಡೀತಿತ್ತು."

ಅವಳಿಗೆ ಬಿಡಿಸಿದ್ದು ನಾನು ಅಂತ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವಳ ಅಮ್ಮನಿಗೆ ಗೊತ್ತಾಯಿತು. ಅವರು ಎದ್ದು ನಿಂತು ನನ್ನ ಮುಖ ನೋಡಿದರು, ಸಾರ್ ಮುಖ ನೋಡಿದರು.

"ಮಿಸ್ಸೇ, ಇದು ನೀವು ಬಿಡ್ಸಿದ್ದಾ?"

ಹೌದು ಅಂದೆ.

"ಈಯಪ್ಪನ ಮ್ಯಾಲಿನ ಸಿಟ್ಟಿಗೆ ನಮ್ ಮಗೀನ ಎಲ್ರ ಮುಂದೆ ನಿಲ್ಸುದ್ರಾ? ಅವ್ರು ವಾಚ್ ಹಿಡ್ಕಂಡು ನಿಲ್ಸುದ್ರು, ನೀವು ಇದ್ನ ಹಿಡ್ಕಂಡು ನಿಲ್ಸುದ್ರಿ. ನಾಳೆ ನೀವು ಮನೆಗೋಯ್ತೀರ, ಇವ್ರು ಇವಳ ಮ್ಯಾಲೆ ಹಗೆ ತೀರ್ಸ್ಕೊಂಡ್ರೆ ಯಾರವ್ರೆ ನೋಡೋರು?"

"ಹಾಗೇನೂ ಆಗಲ್ಲಮ್ಮ, ನಾನಿದೀನಿ" ಅಂದೆ. ನನ್ನ ದನಿ ನನಗೇ ಸುಳ್ಳು ಸುಳ್ಳಾಗಿ ಕೇಳಿಸಿತು. ಹೆಡ್‌ಮಿಸ್ ಕೂಡ ಏನೇನೋ ಸಮಾಧಾನ ಹೇಳಿದರು. ಆಯಮ್ಮ ಕೇಳಲಿಲ್ಲ. ಹುಡುಗಿ ಮಾತ್ರ, "ಅಮ್ಮ, ನಾನ್ ಇಲ್ಲೇ ಇರ್ತೀನಿ, ನಂಗೆ ಮಿಸ್ ಕ್ಲಾಸ್ ಇಷ್ಟ" ಅಂತ ಒಂದೇ ಸಮನೆ ಅನ್ನುತ್ತಿದ್ದಳು. ಅಮ್ಮ ಅವಳ ರಟ್ಟೆ ಹಿಡಿದು ಆಫೀಸಿಗೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಓಡಿದೆ. ಗುಮಾಸ್ತರು ಟಿ.ಸಿ. ಪುಸ್ತಕ ತೆಗೆದು, ಶಾಲೆ ಬಿಡಲು ಕಾರಣ ಏನಂತ ಬರೀಲಿ ಅಂತ ಕೇಳಿದರು. ಆ ತಾಯಿ ನನ್ನನ್ನೊಮ್ಮೆ ನೋಡಿ, "ನಮ್ಮಿಷ್ಟ ಅಂತ ಬರೀರಿ, ಮಿಸ್ಸಿನ ಹೆಸ್ರು ಯಾಕೆ ಕೆಡಿಸ್ಬೇಕು" ಅಂದರು.

ಸಾರ್ ಮೇಲಿನ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಅವರ ಮುಖವನ್ನು ಈಗಲೂ ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲೆ. ಅವತ್ತು ಟಿ.ಸಿ.ಗೆ ಸೀಲು ಬಿದ್ದ ಮೇಲೆ ಅವರು ವರಾಂಡದಲ್ಲಿ ಎದುರಾದರು. ಬೈಯುತ್ತಾರೆ ಅಂದುಕೊಂಡೆ, ಜಗಳಕ್ಕೆ ಸೊಂಟ ಕಟ್ಟಿಕೊಂಡೇ ನಿಂತಿದ್ದೆ. ಅವರು ಬೈಯಲಿಲ್ಲ. ಜೇಬಿನಿಂದ ಆ ಕೆಂಪು ಹೆಸರುಗಳ ಪಟ್ಟಿ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ಗೋಡೆಗೆ ಒತ್ತಿ ಹಿಡಿದು ಹುಡುಗಿಯ ಹೆಸರಿನ ಮೇಲೆ ಒಂದು ಗೆರೆ ಎಳೆದರು.

"ಥ್ಯಾಂಕ್ಸ್ ಮಿಸ್" ಅಂದರು. "ಈಯಮ್ಮನ್ನ ಒಪ್ಸೋದು ಕಷ್ಟ ಅಂದ್ಕೊಂಡಿದ್ದೆ."